ಸಬ್‌ಸ್ಕ್ರೈಬ್ ಆಗಿದ್ದಾರೆ ಅಂದ್ರೆ ನೋಟಿಸ್ ಜಾರಿ ಆಗಿದೆ ಅಂತಲ್ಲ



ಉದ್ದದ ಪೋಸ್ಟ್ ಇದು. ನಮ್ಮ ಸಂಘಟನೆ ಗ್ರೂಪಲ್ಲಿ ಹದಿನೈದು ದಿನದಿಂದ ನಡೀತಿರೋ ಜಗಳಕ್ಕೆ ನನ್ನ ಉತ್ತರ. ಅಲ್ಲೇ ಬರೆದ್ರೆ ನಾಲ್ಕು ಗುಡ್ ಮಾರ್ನಿಂಗ್ ಫೋಟೋ ಬಂದು ಮೇಲೆ ಮಣ್ಣು ಹಾಕಿಬಿಡುತ್ತೆ, ಅದಕ್ಕೆ ಇಲ್ಲಿ ಬರೀತಿದ್ದೀನಿ. ನಮ್ಮವರ ಮೇಲೇ ಬರೀತಿದ್ದೀನಿ, ನನ್ನ ಮೇಲೂ ಬರೀತಿದ್ದೀನಿ. ಬೇಜಾರಾಗೋರು ಪೂರ್ತಿ ಓದಿ ಬೇಜಾರಾಗಿ.

ವಿಷಯ ಗೊತ್ತಿಲ್ಲದೋರಿಗೆ ಮೊದಲು ಹೇಳ್ತೀನಿ. ನಮ್ಮ ಮೂರೂ ಕೇರಿಗೆ ಸೇರಿದ ಸ್ಮಶಾನ, 1 ಎಕರೆ 20 ಗುಂಟೆ, ಕಾಗದದಲ್ಲಿದೆ. ನೆಲದ ಮೇಲೆ ನೋಡಿದ್ರೆ ಮುಕ್ಕಾಲು ಎಕರೆನೂ ಇಲ್ಲ. ಒಂದು ಕಡೆ ತೆಂಗಿನ ಸಸಿ ಒಳಗೆ ಬಂದಿದೆ, ಇನ್ನೊಂದು ಕಡೆ ತಂತಿಬೇಲಿ ವರ್ಷಕ್ಕೆ ಎರಡೆರಡು ಅಡಿ ನಡ್ಕೊಂಡು ಬಂದಿದೆ. ಎರಡು ವರ್ಷ ಅರ್ಜಿ ಹಿಡ್ಕೊಂಡು ಓಡಾಡಿದ ಮೇಲೆ ಹದ್ದುಬಸ್ತಿಗೆ ದಿನ ಸಿಕ್ತು. ಏಪ್ರಿಲ್ ಕೊನೇ ವಾರದ ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ. ಸರ್ವೆಯವರು ಬರೋ ಹೊತ್ತಿಗೆ ಮೂರೂ ಕೇರಿಯಿಂದ ಕಡಿಮೆ ಅಂದ್ರೂ ನೂರು ಜನ ಅಲ್ಲಿ ನಿಂತಿರ್ಬೇಕು, ಯಾರ ಅಜ್ಜ ಎಲ್ಲಿ ಮಲಗಿದ್ದಾನೆ ಅಂತ ತೋರಿಸೋ ಹಿರೀಕರು ಇರ್ಬೇಕು ಅಂತ ತೀರ್ಮಾನ ಆಗಿತ್ತು. "ಜನಕ್ಕೆ ತಿಳಿಸೋದು ಹೆಂಗೆ?" ಅಂದಾಗ ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದು: "ಅಕ್ಕ, ನಮ್ಮ ಚಾನೆಲ್ ಇದೆಯಲ್ಲ, ಒಂದು ವಿಡಿಯೋ ಹಾಕಿಬಿಡಿ. ನಾಲ್ಕು ಸಾವಿರ ಸಬ್‌ಸ್ಕ್ರೈಬರ್ಸ್ ಇದ್ದಾರೆ."

ಸೋಮವಾರ ರಾತ್ರಿ 10:40ಕ್ಕೆ ನಾನೇ ಹಾಕಿದೆ. ಬುಧವಾರ ಹನ್ನೊಂದಕ್ಕೆ ಬಂದಿದ್ದು ಹನ್ನೊಂದು ಜನ. ಅದರಲ್ಲಿ ನಾನೂ ಒಬ್ಬಳು, ನನ್ನ ಜೊತೆ ಬಂದೋರು ಇಬ್ಬರು. ಬಾಜುದಾರರು ಮಾತ್ರ ಮನೆ ಮಂದಿ ಸಮೇತ ನಿಂತಿದ್ರು. ಯಾಕೆ ಗೊತ್ತಾ? ಅವರಿಗೆ ನೋಟಿಸ್ ಕೈಗೆ ಕೊಟ್ಟು ಸಹಿ ಹಾಕಿಸ್ಕೊಂಡು ಜಾರಿ ಮಾಡಿದ್ರು. ಅದು ನಿಯಮ, ಅದರಲ್ಲಿ ತಪ್ಪೇನಿಲ್ಲ. ನಮ್ಮ ಜನಕ್ಕೆ ನೋಟಿಸ್ ಜಾರಿ ಮಾಡೋ ಹೊಣೆ ನಮ್ಮದಾಗಿತ್ತು. ಮಹಜರಿಗೆ ಸಹಿ ಹಾಕಿದೋರ ಪಟ್ಟಿ ನೋಡಿದ್ರೆ ಆ ಕಡೆಯವರದ್ದೇ ಹೆಸರು ಜಾಸ್ತಿ.

ಅವತ್ತು ಸಂಜೆ ಗ್ರೂಪಲ್ಲಿ ನಮ್ಮ ಹಿರಿಯ ಅಣ್ಣ ಒಬ್ಬರು ಬರೆದ್ರು: ಮನುವಾದಿ ಅಲ್ಗಾರಿದಮ್ ನಮ್ಮ ವಿಡಿಯೋ ತುಳಿದಿದೆ, ಅಂದು ಬಾಬಾಸಾಹೇಬರ ಮೂಕನಾಯಕದ ಜಾಹೀರಾತನ್ನ ದುಡ್ಡು ಕೊಟ್ರೂ ಕೇಸರಿ ಪತ್ರಿಕೆ ಹಾಕಲಿಲ್ಲ, ಇವತ್ತು ಅದೇ ಆಗಿದೆ ಅಂತ. ಎಪ್ಪತ್ತು ಜನ ನೀಲಿ ಹೃದಯ ಹಾಕಿದ್ರು. ಸ್ಮಶಾನಕ್ಕೆ ಬಂದಿದ್ದು ಹನ್ನೊಂದು ಜನ, ಹೃದಯ ಹಾಕಿದ್ದು ಎಪ್ಪತ್ತು. ಇದನ್ನ ಇಲ್ಲಿಗೇ ಬಿಡ್ತೀನಿ.

ನಾನು ಗುಮಾಸ್ತೆ. ದಿನಾ ಆವಕ ಜಾವಕ ವಹಿ ಬರೆಯೋ ಕೆಲಸ. ನಮ್ಮ ಕಚೇರೀಲಿ ಯಾರಾದ್ರೂ "ನಂಗೆ ಪತ್ರ ಬಂದಿಲ್ಲ" ಅಂದ್ರೆ ಮೊದಲು ವಹಿ ತೆಗೀತೀವಿ. ರವಾನೆ ಆಗಿದೆಯಾ, ಯಾವ ದಿನ, ಮುದ್ದಾಂ ಹೋಯ್ತಾ, ಅಂಚೇಲಿ ಹೋಯ್ತಾ, ಸ್ವೀಕೃತಿ ಬಂತಾ ನೋಡ್ತೀವಿ. ಬೈಯೋದು ಆಮೇಲೆ. ಯೂಟ್ಯೂಬಲ್ಲೂ ಅಂಥ ಒಂದು ವಹಿ ಇದೆ. ಚಾನೆಲ್ ನಡೆಸೋರಿಗೆ ಮಾತ್ರ ಕಾಣುತ್ತೆ, YouTube Studio ಅಂತ. ಅದರಲ್ಲಿ ವಿಡಿಯೋ ತೆಗೆದು Analytics ಒಳಗೆ Reach ಅನ್ನೋ ಕಡೆ ಹೋದ್ರೆ ಆ ವಿಡಿಯೋಗೆ ಬೆಲ್ ನೋಟಿಫಿಕೇಶನ್ ಎಷ್ಟು ಜನಕ್ಕೆ ಹೋಯ್ತು, ಎಷ್ಟು ಜನ ಅದನ್ನ ಒತ್ತಿ ನೋಡಿದ್ರು ಅಂತ ಲೆಕ್ಕ ಇರುತ್ತೆ. ಎರಡು ವರ್ಷದಿಂದ ಚಾನೆಲ್ ನಡೆಸ್ತಿದ್ದೀವಿ, ನಾವ್ಯಾರೂ ಒಂದು ದಿನ ಅದನ್ನ ತೆಗೆದು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಗುರುವಾರ ರಾತ್ರಿ ತೆಗೆದೆ. ಸ್ಮಶಾನದ ವಿಡಿಯೋಗೆ ಹೋದ ಬೆಲ್ ನೋಟಿಫಿಕೇಶನ್: ಸೊನ್ನೆ.

ನಂಗೂ ಮೊದಲು ಮೈ ಉರೀತು. ಅಣ್ಣ ಹೇಳಿದ್ದೇ ಸರಿ ಅನ್ನಿಸ್ತು. ಆಮೇಲೆ ಅದರ ಹಿಂದಿನ ವಿಡಿಯೋಗಳನ್ನ ಸಾಲಾಗಿ ನೋಡ್ತಾ ಹೋದೆ. ಸೋಮವಾರ ಸಂಜೆ ಆರರಿಂದ ಏಳೂವರೆ ಒಳಗೆ ನಮ್ಮ ಹುಡುಗ ಭೀಮ ಜಯಂತಿ ಕಾರ್ಯಕ್ರಮದ ಮೂರು ಹಾಡು ಕತ್ತರಿಸಿ ಮೂರು ವಿಡಿಯೋ ಮಾಡಿ ಹಾಕಿದ್ದ. ಮೂರಕ್ಕೂ ನೋಟಿಫಿಕೇಶನ್ ಹೋಗಿತ್ತು. ಯೂಟ್ಯೂಬಿನ ಒಂದು ನಿಯಮ ಇದೆ, ಅದು ಗುಟ್ಟೇನಲ್ಲ, ಅವರ ಸಹಾಯ ಪುಟದಲ್ಲೇ ಬರ್ದಿದ್ದಾರೆ: ಒಂದು ಚಾನೆಲ್‌ನಿಂದ ಒಬ್ಬ ಸಬ್‌ಸ್ಕ್ರೈಬರ್‌ಗೆ 24 ಗಂಟೇಲಿ ಹೆಚ್ಚಂದ್ರೆ 3 ನೋಟಿಫಿಕೇಶನ್, ಹೊಸ ವಿಡಿಯೋ ಮತ್ತೆ ಲೈವ್ ಎರಡೂ ಸೇರಿ. ನಾಲ್ಕನೇದು ಹೋಗಲ್ಲ. ನಮ್ಮ ನಾಲ್ಕನೇದು ಸ್ಮಶಾನದ ವಿಡಿಯೋ. 24 ಗಂಟೆ ಅಂದ್ರೆ ಕ್ಯಾಲೆಂಡರಿನ ದಿನ ಅಲ್ಲ ಅನ್ನೋದನ್ನೂ ನೆನಪಿಡಿ. ನಾನು ರಾತ್ರಿ ಹನ್ನೆರಡು ಕಳೆದು ಹಾಕಿದ್ರೂ ಅದೇ ಗತಿ.

ಅಂದ್ರೆ ನಮ್ಮ ವಿಡಿಯೋನ ಯಾವ ಮನುವಾದಿನೂ ತುಳೀಲಿಲ್ಲ. ನಮ್ಮದೇ ಮೂರು ಹಾಡು ತುಳಿದ್ವು.

ಅದನ್ನ ತಪ್ಪಿಸೋಕೆ ದಾರಿನೂ ಇತ್ತು. ವಿಡಿಯೋ ಹಾಕೋವಾಗ ವಿವರಗಳ ಪುಟದಲ್ಲಿ ಕೆಳಗೆ Show more ಅಂತ ಒತ್ತಿದ್ರೆ `Publish to subscriptions feed and notify subscribers` ಅಂತ ಒಂದು ಚೌಕ ಬರುತ್ತೆ. ಅದರಲ್ಲಿ ಮೊದಲೇ ಟಿಕ್ ಇರುತ್ತೆ. ಹಾಡಿಗೆ ಆ ಟಿಕ್ ತೆಗೆದಿದ್ರೆ ಹಾಡು ಚಾನೆಲ್‌ನಲ್ಲಿ ಇರ್ತಿತ್ತು, ಹುಡುಕಿದ್ರೆ ಸಿಗ್ತಿತ್ತು, ಆದ್ರೆ ಆ ಮೂರರ ಲೆಕ್ಕಕ್ಕೆ ಬರ್ತಿರಲಿಲ್ಲ. ಟಿಕ್ ತೆಗೆದ್ರೆ ಸಬ್‌ಸ್ಕ್ರಿಪ್ಶನ್ ಪುಟದಲ್ಲೂ ಆ ವಿಡಿಯೋ ಕಾಣಲ್ಲ, ಅದು ಗೊತ್ತಿದ್ದೇ ತೆಗೀಬೇಕು. ಹುಡುಗನಿಗೆ ಇದು ಗೊತ್ತಿರಲಿಲ್ಲ. ಅವನನ್ನ ಗ್ರೂಪಲ್ಲಿ ಯಾರೂ ಬೈಬೇಡಿ, ರಾತ್ರಿ ನಿದ್ದೆಗೆಟ್ಟು ಎಡಿಟಿಂಗ್ ಮಾಡೋನು ಅವನೊಬ್ಬನೇ.

ಈಗ ನೀವು ಕೇಳ್ತೀರ: ಸರಿ ಅಕ್ಕ, ಆ ಮೂರು ಹಾಡು ಹಾಕದೇ ಇದ್ದಿದ್ರೆ ನಾಲ್ಕು ಸಾವಿರ ಜನಕ್ಕೆ ಹೋಗ್ತಿತ್ತು ತಾನೇ?

ಇಲ್ಲ. ಅದನ್ನ ಹೇಳೋಕೇ ಈ ಪೋಸ್ಟ್.

ನಮ್ಮ ಸಬ್‌ಸ್ಕ್ರೈಬರ್ಸ್ 3,860. Analytics ಒಳಗೆ Audience ಅನ್ನೋ ಕಡೆ ಇನ್ನೊಂದು ಲೆಕ್ಕ ಇದೆ. ಅದರಲ್ಲಿ ಎರಡು ಸಾಲು. ನಮ್ಮ ಚಾನೆಲ್‌ಗೆ ಬೆಲ್ ಒತ್ತಿ `All` ಇಟ್ಕೊಂಡಿರೋರು ನೂರಕ್ಕೆ 14. ಹಾಗೆ ಇಟ್ಕೊಂಡಿರೋದರ ಜೊತೆಗೆ ಫೋನಲ್ಲೂ ಯೂಟ್ಯೂಬ್ ನೋಟಿಫಿಕೇಶನ್‌ಗೆ ಅನುಮತಿ ಕೊಟ್ಟಿರೋರು ನೂರಕ್ಕೆ 8. ಅಂದ್ರೆ ಸುಮಾರು ಮುನ್ನೂರು ಜನ. ಪಕ್ಕದಲ್ಲೇ ಸಾಮಾನ್ಯವಾಗಿ ಚಾನೆಲ್‌ಗಳಿಗೆ ಎಷ್ಟಿರುತ್ತೆ ಅಂತಾನೂ ತೋರಿಸ್ತಾರೆ, ನಮ್ಮದು ಅದರೊಳಗೇ ಇದೆ. ನಮಗೊಬ್ಬರಿಗೇ ಕಡಿಮೆ ಮಾಡಿದ್ದಲ್ಲ. ಎಲ್ಲರಿಗೂ ಇಷ್ಟೇ.

ಹಿಂದಿನ ತಿಂಗಳು ಹಾಕಿದ ಹಾಸ್ಟೆಲ್ ಊಟದ ವಿಡಿಯೋ ತೆಗೆದು ನೋಡಿದೆ. ಅದಕ್ಕೆ ಯಾವ ಅಡ್ಡಿನೂ ಆಗಿರಲಿಲ್ಲ. ಬೆಲ್ ನೋಟಿಫಿಕೇಶನ್ ಹೋಗಿದ್ದು 304. ಒತ್ತಿ ನೋಡಿದೋರು ನೂರಕ್ಕೆ 4.6. ಅಂದ್ರೆ 14 ಜನ.

ಹದಿನಾಲ್ಕು ಜನ ಅಣ್ಣಾ! ನಾಲ್ಕು ಸಾವಿರ ಅಂತ ಬ್ಯಾನರಲ್ಲಿ ಹಾಕಿಸ್ಕೊಂಡ್ವಲ್ಲ.

ಉಳಿದ ಮೂರೂವರೆ ಸಾವಿರ ಜನ ಎಲ್ಲಿ ಹೋದ್ರು? ಸಬ್‌ಸ್ಕ್ರೈಬ್ ಒತ್ತಿದಾಗ ಏನಾಗುತ್ತೆ ಅನ್ನೋದರಲ್ಲಿದೆ ಉತ್ತರ. ಒತ್ತಿದ ಕೂಡಲೇ ಬೆಲ್ ತಾನಾಗೇ `Personalized` ಅನ್ನೋದಕ್ಕೆ ಹೋಗಿ ನಿಲ್ಲುತ್ತೆ. ಇರೋದು ಮೂರು ಆಯ್ಕೆ, `All`, `Personalized`, `None`. ಮಧ್ಯದ್ದು ಏನು ಮಾಡುತ್ತೆ ಅಂದ್ರೆ, ಈ ಫೋನಿನ ಅಕೌಂಟಿನವರು ಏನೇನು ನೋಡಿದ್ದಾರೆ, ಈ ಚಾನೆಲ್ ಎಷ್ಟು ಸಲ ನೋಡ್ತಾರೆ, ಬಂದ ನೋಟಿಫಿಕೇಶನ್ ಒತ್ತುತ್ತಾರಾ ಇಲ್ವಾ ಅಂತೆಲ್ಲ ನೋಡಿ ಯೂಟ್ಯೂಬೇ ತೀರ್ಮಾನ ಮಾಡುತ್ತೆ, ಯಾವುದಕ್ಕೆ ಗಂಟೆ ಬಾರಿಸಬೇಕು, ಯಾವುದಕ್ಕೆ ಬೇಡ ಅಂತ. "ನಿಮಗಾಗಿ" ಅನ್ನೋ ಅರ್ಥದ ಚೆಂದದ ಪದ ಇಟ್ಟಿದ್ದಾರೆ. ನನ್ನ ಕೇಳಿದ್ರೆ ಅದಕ್ಕೆ "ನಮ್ಮ ಇಷ್ಟ" ಅಂತ ಹೆಸರಿಡಬೇಕಿತ್ತು.

ನಮ್ಮಪ್ಪನ ಕಾಲದಲ್ಲಿ ಪಂಚಮ ಪತ್ರಿಕೆಗೆ ಚಂದಾದಾರ ಆಗೋದು ಅಂದ್ರೆ ಬೇರೆ. ದುಡ್ಡು ಕಟ್ಟಿದ್ರೆ ಸಂಚಿಕೆ ಅಂಚೇಲಿ ಬರ್ತಿತ್ತು. "ಈ ಮನುಷ್ಯ ಹೋದ ಸಂಚಿಕೆ ಓದಿಲ್ಲ, ಈ ಸಲ ಕೊಡೋದು ಬೇಡ" ಅಂತ ಪೋಸ್ಟ್‌ಮ್ಯಾನ್ ತೀರ್ಮಾನ ಮಾಡ್ತಿರಲಿಲ್ಲ. ಸಬ್‌ಸ್ಕ್ರೈಬ್ ಅನ್ನೋ ಪದ ಅದೇ ಚಂದಾದಾರಿಕೆ, ಆದ್ರೆ ಒಳಗಿನ ತಿರುಳು ಕಿತ್ತು ಹಾಕಿದ್ದಾರೆ. ನಾವು ಹಳೇ ಅರ್ಥದಲ್ಲೇ ನಂಬಿ ಕೂತಿದ್ದೀವಿ.

ಲೆಕ್ಕ ನೋಡಿ ಸುಮ್ಮನಾಗೋಕೆ ಆಗಲಿಲ್ಲ. ಮುಂದಿನ ಭಾನುವಾರ ಮೇಲಿನ ಕೇರಿಗೆ ಹೋಗಿ ಜಗಲಿ ಮೇಲೆ ಕೂತೆ. ಯಾರ್ಯಾರ ಹತ್ರ ದೊಡ್ಡ ಫೋನ್ ಇದೆಯೋ ತಗೊಂಡು ಬನ್ನಿ ಅಂದೆ. ಹದಿನಾಲ್ಕು ಫೋನ್ ಬಂದ್ವು. ಇವರೆಲ್ಲ ನಮ್ಮ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿರೋರು ಅಂತಲೇ ನಾವು ನಂಬಿದ್ವಿ, ಹೋದ ವರ್ಷ ಜಯಂತಿ ದಿನ ಪೆಂಡಾಲಲ್ಲೇ ನಾವೇ ಒತ್ತಿಸಿದ್ವಿ.

ಹದಿನಾಲ್ಕರಲ್ಲಿ ಈಗ ಸಬ್‌ಸ್ಕ್ರೈಬ್ ಇದ್ದಿದ್ದು ಒಂಬತ್ತು. ಉಳಿದೋರು ಫೋನ್ ಬದಲಾಯಿಸಿದಾಗ ಹಳೇ ಜಿಮೇಲ್ ಪಾಸ್‌ವರ್ಡ್ ಮರೆತು ಹೊಸದು ಮಾಡ್ಕೊಂಡಿದ್ರು. ಸಬ್‌ಸ್ಕ್ರೈಬ್ ಇರೋದು ಅಕೌಂಟಿಗೆ, ಫೋನಿಗೂ ಅಲ್ಲ, ನಂಬರಿಗೂ ಅಲ್ಲ. ಹಳೇ ಅಕೌಂಟ್ ಎಲ್ಲೋ ಗಾಳೀಲಿ ನಮ್ಮ 3,860ರ ಲೆಕ್ಕಕ್ಕೆ ಸೇರ್ಕೊಂಡು ಕೂತಿದೆ. ಅದಕ್ಕೆ ನೋಟಿಫಿಕೇಶನ್ ಹೋದ್ರೂ ನೋಡೋ ಕಣ್ಣಿಲ್ಲ.

ಒಂಬತ್ತರಲ್ಲಿ `All` ಇದ್ದಿದ್ದು ಎರಡು. ಗುರುತು ಹಿಡಿಯೋದು ಸುಲಭ: ಚಾನೆಲ್ ತೆಗೆದ್ರೆ ಬೆಲ್ ಚಿತ್ರ ಇರುತ್ತೆ, ಗಂಟೆ ಅಲ್ಲಾಡ್ತಿರೋ ಹಾಗೆ ಪಕ್ಕದಲ್ಲಿ ಗೆರೆ ಇದ್ರೆ `All`, ಸುಮ್ಮನೆ ಗಂಟೆ ಇದ್ರೆ `Personalized`, ಅಡ್ಡ ಗೆರೆ ಎಳೆದಿದ್ರೆ `None`. ಆ ಎರಡರಲ್ಲಿ ಒಂದು ಗಾರೆ ಕೆಲಸದ ತಮ್ಮನದ್ದು. ಅವನ ಫೋನಲ್ಲಿ `All` ಇತ್ತು, ಆದ್ರೆ ಫೋನಿನ ಸೆಟ್ಟಿಂಗ್ಸಲ್ಲಿ ಯೂಟ್ಯೂಬಿನ ನೋಟಿಫಿಕೇಶನ್ನೇ ಬಂದ್ ಆಗಿತ್ತು. "ಏನಪ್ಪಾ ಇದು?" ಅಂದೆ. "ಕೆಲಸದ ಹತ್ರ ಟಿಣ್ ಟಿಣ್ ಅಂತ ಬರ್ತಿತ್ತಕ್ಕ, ಮೇಸ್ತ್ರಿ ಬೈತಾನೆ, ಅದನ್ನ ಒತ್ತಿ ಹಿಡ್ಕೊಂಡೆ, ಆಫ್ ಮಾಡ್ಲಾ ಅಂತ ಕೇಳ್ತು, ಮಾಡ್ದೆ" ಅಂದ. ಅವನು ಆಫ್ ಮಾಡಿದ್ದು ಯಾವುದೋ ಸಿನಿಮಾ ಟ್ರೈಲರ್ ಕಾಟಕ್ಕೆ. ಅದರ ಜೊತೆ ನಮ್ಮದೂ ಹೋಯ್ತು. ಒಳಗೆ ಎಷ್ಟು ಸಲ `All` ಒತ್ತಿದ್ರೂ ಹೊರಗಿನ ಬಾಗಿಲು ಮುಚ್ಚಿದ್ರೆ ಬರಲ್ಲ.

ಹಾಗಾಗಿ ಹದಿನಾಲ್ಕು ಫೋನಲ್ಲಿ ನಮ್ಮ ವಿಡಿಯೋ ಬಂದ್ರೆ ಖಚಿತವಾಗಿ ಸದ್ದು ಮಾಡೋ ಫೋನ್ ಒಂದೇ ಒಂದು. ಅದು ಪಿಯುಸಿ ಹುಡುಗೀದು. ಅವಳು ಆವತ್ತು ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ, ನೋಟಿಫಿಕೇಶನ್ನೇ ಹೋಗಿರಲಿಲ್ಲವಲ್ಲ.

ಒಂದು ಮನೇಲಿ ನಡೆದಿದ್ದು ಸ್ವಲ್ಪ ವಿವರವಾಗಿ ಹೇಳ್ಬೇಕು. ಸ್ಮಶಾನದ ಮೂಲೆ ಮೂಲೆ ಗೊತ್ತಿರೋ ದೊಡ್ಡಮ್ಮ ಒಬ್ಬರಿದ್ದಾರೆ, ಎಪ್ಪತ್ತು ದಾಟಿದೆ. ಅವರ ಮನೇಲಿ ಫೋನ್ ಒಂದೇ, ಮಗನದ್ದು. ಹಗಲು ಅವನ ಜೊತೆ ಕೆಲಸಕ್ಕೆ ಹೋಗುತ್ತೆ. ಸಂಜೆ ಮೊಮ್ಮಗು ಗೊಂಬೆ ಹಾಡು ನೋಡುತ್ತೆ, ಆಮೇಲೆ ಸೊಸೆ ಸೀರಿಯಲ್ ತುಣುಕು ನೋಡ್ತಾಳೆ, ರಾತ್ರಿ ಮಗ ಕಬಡ್ಡಿ, ಹಾಸ್ಯ. ನಾಲ್ಕು ಜನ, ಅಕೌಂಟ್ ಒಂದು. ಯೂಟ್ಯೂಬಿಗೆ ಅವರು ನಾಲ್ಕು ಜನ ಅಂತ ಗೊತ್ತಿಲ್ಲ. ಗೊಂಬೆ ಹಾಡು, ಕಬಡ್ಡಿ, ಸೀರಿಯಲ್ ಇಷ್ಟಪಡೋ ಒಬ್ಬ ವಿಚಿತ್ರ ಮನುಷ್ಯ ಅಂತ ತಿಳ್ಕೊಂಡಿದೆ. ಆ ಮನುಷ್ಯ ನಮ್ಮ ಚಾನೆಲ್ ನೋಡಿ ನಾಲ್ಕು ತಿಂಗಳಾಗಿದೆ. `Personalized` ಇದ್ದಾಗ ಆ ಮನುಷ್ಯನಿಗೆ ಸ್ಮಶಾನದ ಸರ್ವೆ ವಿಡಿಯೋ ಯಾಕೆ ಕಳಿಸುತ್ತೆ? ಅದೇ ನಾಲ್ಕು ಫೋನಿರೋ ಮನೇಲಿ ಪ್ರತಿಯೊಬ್ಬರಿಗೂ ಅವರವರದ್ದೇ ಬರುತ್ತೆ. ದಿನಾ ನಮ್ಮ ವಿಡಿಯೋ ನೋಡೋಕೆ ಹೊತ್ತು, ಡೇಟಾ ಎರಡೂ ಇರೋನಿಗೆ ಮತ್ತೆ ಮತ್ತೆ ಬರುತ್ತೆ. ಅವನು ಬೆಂಗಳೂರಲ್ಲಿ ಕೂತಿರ್ತಾನೆ, ಹೃದಯ ಹಾಕ್ತಾನೆ. ಸ್ಮಶಾನಕ್ಕೆ ಬಂದು ಬೆರಳು ತೋರಿಸಬೇಕಾದ ದೊಡ್ಡಮ್ಮನಿಗೆ ಬರಲ್ಲ.

ಅಣ್ಣಾ, ಅಲ್ಗಾರಿದಮ್ ಬಗ್ಗೆ ಮಾತಾಡೋದಿದ್ರೆ ಇದನ್ನ ಮಾತಾಡೋಣ. ಇದರಲ್ಲಿ ಅನ್ಯಾಯ ಇಲ್ಲ ಅಂತ ನಾನು ಹೇಳ್ತಿಲ್ಲ. ಯಾರೋ ನಮ್ಮ ಜಾತಿ ನೋಡಿ ಗುಂಡಿ ಒತ್ತಿದ್ರು ಅನ್ನೋದಕ್ಕೆ ಪುರಾವೆ ಇಲ್ಲ ಅಂತ ಹೇಳ್ತಿದ್ದೀನಿ. ಆದ್ರೆ ನೋಡಿದೋನಿಗೇ ತೋರಿಸು ಅನ್ನೋ ನಿಯಮ ಹಂಚಿಕೊಂಡ ಫೋನಿರೋ, ದಿನಗೂಲಿ ಮನೆ ಮೇಲೆ ಬಂದು ಬೀಳೋ ರೀತಿ ಬೇರೆ. ಅದು ನಮ್ಮ ಕೇರೀಲಿ ಹೆಚ್ಚು ಬೀಳುತ್ತೆ, ಯಾಕಂದ್ರೆ ಅಂಥ ಮನೆ ನಮ್ಮ ಕೇರೀಲೇ ಹೆಚ್ಚು. ಪಕ್ಕದೂರಿನ ರೈತಸಂಘದ ಚಾನೆಲ್‌ಗೂ ಇದೇ ಪೆಟ್ಟು ಬಿದ್ದಿದೆ, ಅವರ ಹುಡುಗನ ಹತ್ರ ಕೇಳಿದೆ. ನಾಳೆ ನಿಜವಾಗ್ಲೂ ನಮ್ಮ ಒಂದು ವಿಡಿಯೋನ ಯಾರಾದ್ರೂ ದೂರು ಕೊಟ್ಟು ತೆಗೆಸಿದ್ರೆ ಅವತ್ತು ನಮ್ಮ ಮಾತು ಯಾರು ಕೇಳ್ತಾರೆ, ಪ್ರತಿ ಸಲ ತೋಳ ಬಂತು ಅಂದಿದ್ರೆ? ಮೂಕನಾಯಕದ ಜಾಹೀರಾತು ಹಾಕಲಿಲ್ಲ ಅಂತ ನಾವು ನೂರು ವರ್ಷ ಆದ್ಮೇಲೂ ಹೇಳೋಕೆ ಆಗ್ತಿರೋದು ಅದು ನಡೆದಿದ್ದು ಹೌದಾಗಿರೋದ್ರಿಂದ. ನಮ್ಮ ಸೊನ್ನೆಗೆ ಬಾಬಾಸಾಹೇಬರನ್ನ ಅಡ್ಡ ಹಿಡಿಯೋದು ನಂಗೆ ಸರಿ ಕಾಣಲಿಲ್ಲ.

ಇನ್ನೊಂದು ನನ್ನ ತಪ್ಪು. ಹಾಕಿದ್ದು ರಾತ್ರಿ 10:40ಕ್ಕೆ. ಅಡುಗೆ ಮನೆ ಕೆಲಸ ಮುಗಿಯೋದೇ ಆ ಹೊತ್ತಿಗೆ. ಯೂಟ್ಯೂಬ್ ಆ್ಯಪಿನ ನೋಟಿಫಿಕೇಶನ್ ಸೆಟ್ಟಿಂಗ್ಸಲ್ಲಿ ರಾತ್ರಿ ಸದ್ದು ಬೇಡ ಅನ್ನೋ ಆಯ್ಕೆ ಇದೆ, ಆ ಭಾನುವಾರ ನೋಡಿದ ಫೋನಲ್ಲೆಲ್ಲ ಅದು ಹತ್ತು ಗಂಟೆಯಿಂದ ಬೆಳಿಗ್ಗೆ ಎಂಟರವರೆಗೆ ಅಂತಲೇ ಇತ್ತು. ಯಾರೂ ತಾವಾಗಿ ಹಾಕ್ಕೊಂಡಿದ್ದಲ್ಲ. ಅಂದ್ರೆ ನೋಟಿಫಿಕೇಶನ್ ಹೋಗಿದ್ರೂ ಸದ್ದಿಲ್ಲದೆ ಬಂದು ಕೂತಿರ್ತಿತ್ತು, ಬೆಳಿಗ್ಗೆ ರೀಚಾರ್ಜ್ ಮೆಸೇಜು, ಲೋನ್ ಬೇಕಾ ಮೆಸೇಜುಗಳ ಅಡಿ ಸೇರಿರ್ತಿತ್ತು. ಕೆಲವು ಫೋನಲ್ಲಿ ಬ್ಯಾಟರಿ ಉಳಿಸೋಕೆ ಅಂತ ಯೂಟ್ಯೂಬನ್ನ ಸೆಟ್ಟಿಂಗ್ಸಿಗೆ ಹೋಗಿ Force stop ಮಾಡಿದ್ರು. ಹಾಗೆ ಮಾಡಿದ್ರೆ ಮತ್ತೆ ಆ್ಯಪ್ ತೆಗೆಯೋವರೆಗೂ ಹೊಸ ಸುದ್ದಿ ಫೋನಿನ ಬಾಗಿಲಿಗೆ ಬಂದ್ರೂ ಒಳಗೆ ಹೋಗಲ್ಲ. ಡೇಟಾ ಪ್ಯಾಕ್ ಮುಗಿದಿದ್ರಂತೂ ಹೇಳೋದೇ ಬೇಡ.

ಕೆಲವರು ಅಂದ್ರು, ನೋಟಿಫಿಕೇಶನ್ ಬರದಿದ್ರೇನು, Subscriptions ಅಂತ ಪುಟ ಇದೆಯಲ್ಲ, ಅಲ್ಲಿ ಎಲ್ಲ ಕಾಣುತ್ತೆ ಅಂತ. ನಿಜ. ಅಲ್ಲಿ ಹೊಸದು ಮೇಲೆ, ಹಳೇದು ಕೆಳಗೆ ಸಾಲಾಗಿ ಇರುತ್ತೆ. ನಮ್ಮ ವಿಡಿಯೋನೂ ಅಲ್ಲಿತ್ತು. ಬುಧವಾರ ಬೆಳಿಗ್ಗೆ ತನಕ ಒಟ್ಟು 163 ಜನ ನೋಡಿದ್ರು, ಅದರಲ್ಲಿ ಆ ಪುಟದಿಂದ ಬಂದಿದ್ದು 9. ಜನ ಆ್ಯಪ್ ತೆಗೆದ್ರೆ ಕಾಣೋದು Home. ಕೆಳಗಿರೋ ಆ ಗುಂಡಿ ಒತ್ತೋ ಅಭ್ಯಾಸ ಕೇರೀಲಿ ಒಬ್ಬರಿಗೂ ಇರಲಿಲ್ಲ. 121 ಜನ ಬಂದಿದ್ದು ವಾಟ್ಸಾಪಲ್ಲಿ ನಾವು ಕಳಿಸಿದ ಲಿಂಕಿಂದ. ಅಂದ್ರೆ ತಿಳಿಸೋ ಕೆಲಸ ಮಾಡಿದ್ದು ನಮ್ಮ ಕೈ. ಹೆಸರು ಬಂದಿದ್ದು ಚಾನೆಲ್‌ಗೆ.

ಹಾಗಂತ ವಾಟ್ಸಾಪ್ ಚಾನೆಲ್ ಮಾಡಿಬಿಡೋಣ ಅಂತ ಕುಣೀತಿರೋರಿಗೆ ಒಂದು ಮಾತು. ವಾಟ್ಸಾಪ್ ಚಾನೆಲ್ ಫಾಲೋ ಮಾಡಿದ್ರೆ ಅದು ಮೊದಲಿಂದಲೇ ಮ್ಯೂಟ್ ಆಗಿರುತ್ತೆ, ಅವರೇ ಹೋಗಿ ಗಂಟೆ ಆನ್ ಮಾಡ್ಬೇಕು. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದ್ರೆ ನಮ್ಮ ನಂಬರ್ ಸೇವ್ ಮಾಡ್ಕೊಂಡಿರೋರಿಗೆ ಮಾತ್ರ ಹೋಗುತ್ತೆ, ಒಂದು ಲಿಸ್ಟಿಗೆ 256 ಜನ. ಎಲ್ಲ ಕಡೆ ಇದೇ ಕತೆ, ಕಳಿಸೋನಿಗೆ ಹೋದ ಹಾಗೆ ಕಾಣುತ್ತೆ. ಬೇರೆ ಬೇರೆ ಬಾಗಿಲು, ಚಿಲಕ ಮಾತ್ರ ಅದೇ.

ನಮ್ಮಜ್ಜ ಊರಿಗೆ ಸಾರ್ತಿದ್ರು. ತಮಟೆ ಹೊಡ್ಕೊಂಡು ಬೀದಿ ಬೀದಿ ಹೋಗಿ ಕಂದಾಯ ಕಟ್ಟೋ ದಿನ, ಹಬ್ಬದ ದಿನ, ಯಾರೋ ಸತ್ತಿದ್ದು, ಎಲ್ಲ ಕೂಗಿ ಹೇಳ್ತಿದ್ರು. ಅದು ಬಿಟ್ಟಿ ಚಾಕರಿ, ಹಾಗೆ ಸಾರೋದನ್ನ ಬಿಡಿ ಅಂತಲೇ ನಮ್ಮ ಚಳವಳಿ ಹೇಳಿದ್ದು, ನಾನೂ ಅದನ್ನ ಹೊಗಳ್ತಿಲ್ಲ. ಆದ್ರೆ ಒಂದು ಗಮನಿಸಿ: ಆಗ ಯಾರೂ ನಂಗೆ ಗೊತ್ತಾಗಲಿಲ್ಲ ಅನ್ನೋ ಹಾಗಿರಲಿಲ್ಲ. ಊರಿನವರ ಸುದ್ದೀನ ಊರಿನ ಪ್ರತಿ ಬಾಗಿಲಿಗೆ ಮುಟ್ಟಿಸಿದ ಜನ ನಾವು. ನಮ್ಮ ಸತ್ತೋರ ಜಾಗದ ಸುದ್ದೀನ ನಮ್ಮದೇ ಮೂರು ಕೇರಿಗೆ ಮುಟ್ಟಿಸೋಕೆ ಆಗಲಿಲ್ಲ, ಯಾಕಂದ್ರೆ ಗಂಟೆ ಚಿತ್ರ ನೋಡಿ ಅದೇ ಬಾರಿಸುತ್ತೆ ಅಂದ್ಕೊಂಡ್ವಿ.

ಚಾನೆಲ್ ಮುಚ್ಚಿ ಅಂತ ನಾನು ಹೇಳ್ತಿಲ್ಲ. ಭಾಷಣ, ಹಾಡು, ದೌರ್ಜನ್ಯದ ವರದಿ, ಆಮೇಲೂ ನೋಡಬಹುದಾದ್ದು ಯಾವುದಿದೆಯೋ ಅದಕ್ಕೆ ಚಾನೆಲ್ ಬೇಕು. ಇವತ್ತು ನೋಡದೋನು ಆರು ತಿಂಗಳಾದ್ಮೇಲೆ ಹುಡುಕಿ ನೋಡ್ತಾನೆ, ಅದರಲ್ಲಿ ನಷ್ಟ ಇಲ್ಲ. ದಿನಾಂಕ ಇರೋ ಸುದ್ದಿ ಮಾತ್ರ ಅದರ ಮೇಲೆ ಹಾಕ್ಬೇಡಿ. ಹದ್ದುಬಸ್ತು, ಗ್ರಾಮಸಭೆ, ಅರ್ಜಿಯ ಕೊನೇ ದಿನ, ಕೇಸಿನ ವಾಯಿದೆ, ಇವೆಲ್ಲ ನೋಟಿಸ್. ನೋಟಿಸ್ ಜಾರಿ ಆಗ್ಬೇಕು, ಸ್ವೀಕೃತಿ ಬರ್ಬೇಕು. ಹಾಕೋದೇ ಆದ್ರೆ ಹಿಂದಿನ 24 ಗಂಟೇಲಿ ಬೇರೆ ಏನೂ ಹಾಕಿರಬಾರ್ದು, ಜನ ಕೂಲಿಯಿಂದ ಮನೆಗೆ ಬಂದಿರೋ ಸಂಜೆ ಏಳರ ಹೊತ್ತಿಗೆ ಹಾಕ್ಬೇಕು, ಮಾರನೇ ದಿನ Reach ಪುಟ ತೆಗೆದು ಎಷ್ಟು ಹೋಯ್ತು ಅಂತ ಗ್ರೂಪಲ್ಲಿ ಬರೀಬೇಕು. ಆ ಕೆಲಸ ನಂದು.

ಮರುಅಳತೆಗೆ ತಕರಾರು ಅರ್ಜಿ ಕೊಟ್ಟಿದ್ದೀವಿ, ಸ್ವೀಕೃತಿ ನನ್ನ ಹತ್ರ ಇದೆ. ದಿನಾಂಕ ಇನ್ನೂ ಬಂದಿಲ್ಲ. ಬಂದ ದಿನ ವಿಡಿಯೋ ಇರಲ್ಲ. ಮೂರು ಕೇರಿಗೂ ಇಬ್ಬಿಬ್ಬರ ಹೆಸರು ಬರ್ಕೊಂಡಿದ್ದೀನಿ, ಒಬ್ಬ ಗಂಡಸು, ಒಬ್ಬಳು ಹೆಣ್ಣುಮಗಳು. ಮನೆ ಪಟ್ಟಿ ಹಿಡ್ಕೊಂಡು ಬಾಗಿಲಿಗೆ ಹೋಗಿ ಹೇಳಿ, ಹೇಳಿದ್ದಕ್ಕೆ ಟಿಕ್ ಹಾಕ್ಕೊಂಡು ರಾತ್ರಿ ನಂಗೆ ಫೋನ್ ಮಾಡ್ಬೇಕು. ಕೆಳಗಿನ ಕೇರಿಗೆ ಇನ್ನೊಬ್ಬರು ಬೇಕು. ಅಣ್ಣಾ, ನೀವು ಬರ್ತೀರಾ?